ಬುಡಕ್ಕಷ್ಟೇ ಬಣ್ಣ ಹಚ್ಚುವುದು ಹೇಗೆ?

ಪ್ರಶ್ನೆ: ಮನೆಯಲ್ಲೇ ಕಂದು ಡೈ ಹಚ್ಚಿಕೊಳ್ಳುತ್ತೇನೆ. ಬುಡದಿಂದ ಒಂದೆರಡು ಇಂಚು ಕೆಳಗೆ ಕಪ್ಪು ಪಟ್ಟಿ ಕಾಣುತ್ತಿದೆ. ಯಾಕೆ?
– ಓದುಗರೊಬ್ಬರು, ಶಹಾಬಜಾರ, ಕಲಬುರಗಿ

ಉತ್ತರ: ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರು ವಾರಕ್ಕೊಮ್ಮೆ ಹಚ್ಚುವವರಿಗೆ ಬಣ್ಣ ಬೇಕಿರುವುದು ಬುಡದ ಒಂದೂವರೆ ಸೆಂಟಿಮೀಟರಿಗೆ ಮಾತ್ರ. ಬ್ರಷ್ ಅದನ್ನು ದಾಟಿದರೆ ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಕೂರುತ್ತದೆ. ಪ್ರತಿ ಸಲವೂ ಹೀಗಾದರೆ ಆ ಭಾಗ ಕಪ್ಪಾಗುತ್ತಾ ಹೋಗುತ್ತದೆ. ಶಾಂಪೂವಿನಂತೆ ನೊರೆ ಬರಿಸಿ ಹಚ್ಚುವ ಬಣ್ಣ ಇಡೀ ತಲೆಗೆ ಹರಡುವುದರಿಂದ ಈ ಕೆಲಸಕ್ಕೆ ಬೇಡ. ಕ್ರೀಮ್ ಡೈ ಆರಿಸಿ.

ಎರಡು ದಿನ ಮೊದಲೇ ಪ್ಯಾಕೆಟ್ಟಿನ ಸೂಚನೆಯಂತೆ ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿ. ಹಚ್ಚುವ ದಿನ ಒಣಗೂದಲನ್ನು ನಾಲ್ಕು ಭಾಗ ಮಾಡಿ, ಹಳೆಯ ಬಣ್ಣದ ಉದ್ದಕ್ಕೆ ಕಂಡೀಷನರ್ ಸವರಿ, ಅದು ತಡೆಯಾಗುತ್ತದೆ. ಅರ್ಧ ಸೆಂಟಿಮೀಟರಿಗೊಂದು ಬೈತಲೆ ತೆಗೆಯುತ್ತಾ, ಚಿಕ್ಕ ಬ್ರಷ್ಷಿನಿಂದ ಬುಡಕ್ಕೆ ಹಚ್ಚಿ. ಹಳೆಯ ಬಣ್ಣ ಶುರುವಾಗುವುದಕ್ಕೆ ಎರಡು ಮಿಲಿಮೀಟರ್ ಮೊದಲೇ ನಿಲ್ಲಿಸಿ, ಏಕೆಂದರೆ ಕ್ರೀಮ್ ತಾನಾಗಿಯೇ ಅಷ್ಟು ಹರಡುತ್ತದೆ. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಡೈ ಕೆಳಗಿಳಿಯುವುದರಿಂದ ಬೆಳಗಿನ ತಂಪಿನಲ್ಲಿ ಹಚ್ಚುವುದು ಲೇಸು. ತುದಿಯ ಬಣ್ಣ ಮಾಸಿದ್ದರೆ ಮಾತ್ರ, ಕೊನೆಯ ಐದು ನಿಮಿಷ ಉಳಿದ ಡೈಯನ್ನು ನೀರಿನೊಂದಿಗೆ ಅಲ್ಲಿಗೆ ಎಳೆಯಿರಿ.

ಈಗಿರುವ ಪಟ್ಟಿಯನ್ನು ಇನ್ನೊಂದು ತಿಳಿ ಡೈ ಹೋಗಲಾಡಿಸದು. ಡೈ ಮೇಲಿನ ಡೈ ಬಣ್ಣ ತಿಳಿಯಾಗಿಸುವುದಿಲ್ಲ. ಅದನ್ನು ತೆಗೆಸಲು ಅನುಭವಿ ಪಾರ್ಲರಿಗೇ ಹೋಗಿ.