ಮಲಗಿದೊಡನೆ ಚಡಪಡಿಸುವ ಕಾಲು, ಬರಿದಾದ ಕಬ್ಬಿಣದ ಕಣಜ

ಹಾಸಿಗೆಯಲ್ಲಿ ಮೈ ಚಾಚಿದ ಕೆಲವೇ ನಿಮಿಷಗಳಲ್ಲಿ ಮೀನಖಂಡದ ಒಳಗೆ, ಚರ್ಮದ ಮೇಲಲ್ಲದೆ ಮಾಂಸದ ಆಳದಲ್ಲೆಲ್ಲೋ, ಇರುವೆಸಾಲು ಹರಿದಂತೆ, ನೀರು ಜುಳುಗುಟ್ಟಿದಂತೆ, ನರವನ್ನು ಯಾರೋ ಮೆಲ್ಲಗೆ ಎಳೆದಂತೆ ಅನ್ನಿಸತೊಡಗುವ ಒಂದು ತೊಂದರೆಯಿದೆ. ಅದನ್ನು ನೋವೆಂದು ಕರೆಯಲಾಗದು, ತುರಿಕೆಯೆಂದೂ ಹೇಳಲಾಗದು. ಕಾಲನ್ನು ಅಲುಗಿಸದೆ ಇರಲಾಗದು ಎಂಬ ಒಳಗಿನ ಒತ್ತಾಯವೇ ಅದರ ಮುಖ್ಯ ಗುರುತು. ಕಾಲನ್ನು ಮಡಚಿ ಚಾಚಿದಾಗ ಅಥವಾ ಎದ್ದು ನಾಲ್ಕು ಹೆಜ್ಜೆ ನಡೆದಾಗ ಅದು ಅಡಗುತ್ತದೆ, ಮತ್ತೆ ಮಲಗಿದರೆ ಮರಳಿ ಬರುತ್ತದೆ. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಅಂದರೆ ಕಾಲಿನ ಚಡಪಡಿಕೆಯ ಕಾಯಿಲೆ ಎಂದು ಕರೆಯುತ್ತಾರೆ. ಮನೆಗಳಲ್ಲಿ ಮಾತ್ರ ಇದು ಬಹುಪಾಲು ಹೆಸರಿಲ್ಲದೆಯೇ ಉಳಿಯುತ್ತದೆ. ಮಕ್ಕಳಿಂದ ಕಾಲು ತುಳಿಸಿಕೊಂಡೋ, ಎಣ್ಣೆ ತಿಕ್ಕಿಕೊಂಡೋ, ದಣಿವಿನ ಮೇಲೆ ತಪ್ಪು ಹೊರಿಸಿಯೋ ವರ್ಷಗಳನ್ನು ಕಳೆದವರು ಅನೇಕರು.

ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲದಿರುವುದರಿಂದ ರೋಗಿಯ ಮಾತೇ ಇಲ್ಲಿ ನಿರ್ಣಾಯಕ. ಕಾಲನ್ನು ಆಡಿಸಲೇಬೇಕೆಂಬ ತುಡಿತ, ಅದು ಕುಳಿತಾಗ ಅಥವಾ ಮಲಗಿದಾಗಲೇ ಹುಟ್ಟುವುದು ಇಲ್ಲವೆ ಹೆಚ್ಚುವುದು, ಚಲನೆಯಿಂದ ತಾತ್ಕಾಲಿಕವಾಗಿಯಾದರೂ ಶಮನವಾಗುವುದು, ಹಗಲಿಗಿಂತ ಸಂಜೆ ಮತ್ತು ರಾತ್ರಿ ಉಲ್ಬಣಿಸುವುದು, ಈ ನಾಲ್ಕೂ ಕೂಡಿ ಬಂದಿರಬೇಕು ಮತ್ತು ಬೇರೆ ಕಾರಣದಿಂದ ಅವು ಬಂದಿರಬಾರದು. ಮೀನಖಂಡ ಗಟ್ಟಿಯಾಗಿ ಗಂಟುಕಟ್ಟಿ ಪ್ರಾಣ ಹೋಗುವಷ್ಟು ನೋಯುವ ಸ್ನಾಯುಸೆಳೆತ ಬೇರೆ. ಒಂದೇ ಭಂಗಿಯಲ್ಲಿ ಕುಳಿತು ಕಾಲು ಜೋಮು ಹಿಡಿದರೆ ಅದೂ ಬೇರೆ, ಏಕೆಂದರೆ ಭಂಗಿ ಬದಲಿಸಿದೊಡನೆ ಅದು ಮುಗಿಯುತ್ತದೆ. ಸಕ್ಕರೆ ಕಾಯಿಲೆಯಿಂದ ನರಗಳು ಕೆಟ್ಟಾಗ ಅಂಗಾಲು ಉರಿಯುವುದುಂಟಾದರೂ ಆ ಉರಿ ನಡೆದಾಡಿದರೆ ತಗ್ಗುವುದಿಲ್ಲ.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇಂತಹ ಲಕ್ಷಣಗಳನ್ನು ವಿವರಿಸಿದ್ದರೂ ಇದನ್ನು ಸ್ವತಂತ್ರ ಕಾಯಿಲೆಯಾಗಿ ಗುರುತಿಸಿ ಈಗಿನ ಹೆಸರಿಟ್ಟವರು ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೊಮ್. ಅವರ ಗ್ರಂಥ 1945ರಲ್ಲಿ ಪ್ರಕಟವಾಯಿತು. ರಕ್ತಹೀನತೆಯುಳ್ಳವರಲ್ಲಿ ಮತ್ತು ಗರ್ಭಿಣಿಯರಲ್ಲಿ ಈ ಚಡಪಡಿಕೆ ಹೆಚ್ಚೆಂಬುದು ಅವರ ಗಮನಕ್ಕೆ ಬಂದಿತ್ತು. ಅದೇ ದೇಶದ ನಾರ್ಡ್‌ಲ್ಯಾಂಡರ್ ಎಂಬ ವೈದ್ಯರು 1953ರ ಸುಮಾರಿಗೆ ರೋಗಿಗಳ ರಕ್ತನಾಳಕ್ಕೆ ನೇರವಾಗಿ ಕಬ್ಬಿಣವನ್ನು ಕೊಟ್ಟು ಅನೇಕರಲ್ಲಿ ಲಕ್ಷಣಗಳು ಇಳಿದುದನ್ನು ವರದಿ ಮಾಡಿದರು. ರಕ್ತದಲ್ಲಿ ಕೊರತೆ ಕಾಣದಿದ್ದಾಗಲೂ ಅಂಗಾಂಶಗಳಲ್ಲಿ ಕಬ್ಬಿಣ ಕಡಿಮೆಯಿರಬಹುದೆಂಬ ಅವರ ಊಹೆಯನ್ನು ಮುಂದಿನ ಹಲವು ದಶಕಗಳು ಬಹುಮಟ್ಟಿಗೆ ಮರೆತೇಬಿಟ್ಟವು.

ಆ ಊಹೆ ಎಷ್ಟು ದೂರದೃಷ್ಟಿಯದಾಗಿತ್ತೆಂಬುದು ತಿಳಿದುದು ಈ ಶತಮಾನದ ಆರಂಭದಲ್ಲಿ. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಿಯುವ ದ್ರವವನ್ನು ಪರೀಕ್ಷಿಸಿದಾಗ, ರಕ್ತದಲ್ಲಿ ಕಬ್ಬಿಣದ ಸಂಗ್ರಹ ಇತರರಷ್ಟೇ ಇದ್ದ ರೋಗಿಗಳಲ್ಲಿಯೂ ಆ ದ್ರವದಲ್ಲಿ ಅದು ಕಡಿಮೆಯಿದ್ದುದು ಕಂಡುಬಂದಿತು; ಎಂ.ಆರ್.ಐ. ಚಿತ್ರಣ ಮತ್ತು ಮರಣೋತ್ತರ ಅಧ್ಯಯನಗಳು ಮಿದುಳಿನ ಬುಡದಲ್ಲಿರುವ, ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪುಛಾಯೆಯ ಪುಟ್ಟ ಭಾಗದಲ್ಲಿ ಅದೇ ಕೊರತೆಯನ್ನು ತೋರಿಸಿದವು. ಚಲನೆಯನ್ನು ಹದದಲ್ಲಿಡುವ ಡೋಪಮಿನ್ ಎಂಬ ರಾಸಾಯನಿಕ ತಯಾರಾಗುವ ಮುಖ್ಯ ತಾಣಗಳಲ್ಲಿ ಇದೂ ಒಂದು, ಮತ್ತು ಆ ತಯಾರಿಕೆಯ ಮುಖ್ಯ ಹಂತವನ್ನು ನಡೆಸುವ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡದು. ರಕ್ತದಲ್ಲಿ ಹರಿಯುವ ಕಬ್ಬಿಣದ ಪ್ರಮಾಣ ಬೆಳಿಗ್ಗೆ ಹೆಚ್ಚಿದ್ದು ರಾತ್ರಿ ಇಳಿಯುತ್ತದೆ, ಡೋಪಮಿನ್‌ನ ಚಟುವಟಿಕೆಗೂ ಇಂತಹದೇ ಏರಿಳಿತವಿದೆ. ಹಗಲೆಲ್ಲ ಸುಮ್ಮನಿದ್ದ ಕಾಲು ಮಲಗುವ ಹೊತ್ತಿಗೇ ಕಾಡುವುದಕ್ಕೆ ಈ ದೈನಿಕ ಲಯದ ನಂಟಿದೆ. ತೊಂದರೆ ಕಾಲಿನಲ್ಲಿ ಅನುಭವಕ್ಕೆ ಬಂದರೂ ಅದರ ಬೇರು ಮಿದುಳಿನಲ್ಲಿದೆ ಎಂಬುದು ಇದರ ತಾತ್ಪರ್ಯ.

ಇಲ್ಲಿಯೇ ಸಾಮಾನ್ಯವಾಗಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ಕಬ್ಬಿಣ ಸಾಕಷ್ಟಿದೆಯೇ ಎಂದು ನೋಡಲು ಬಹುತೇಕ ಕಡೆ ಹಿಮೋಗ್ಲೋಬಿನ್ ಒಂದನ್ನೇ ಪರೀಕ್ಷಿಸಿ, ಅದು 12 ದಾಟಿದ್ದರೆ ರಕ್ತ ಚೆನ್ನಾಗಿದೆ ಎಂದು ಹೇಳಿ ಕಳುಹಿಸಲಾಗುತ್ತದೆ. ಆದರೆ ದೇಹ ಕಬ್ಬಿಣವನ್ನು ಬಳಸುವ ರೀತಿ ಒಕ್ಕಲು ಮನೆಯ ರೀತಿಯದೇ: ಕಣಜದಲ್ಲಿ ಕಾಳು ತಳ ಮುಟ್ಟುತ್ತಿದ್ದರೂ ಒಲೆಯ ಮೇಲಿನ ಅಡುಗೆ ಕೆಲವು ಕಾಲ ಎಂದಿನಂತೆಯೇ ನಡೆಯುತ್ತದೆ. ಹಿಮೋಗ್ಲೋಬಿನ್ ಆ ಅಡುಗೆ, ಕಣಜವನ್ನು ಅಳೆಯುವುದು ಫೆರಿಟಿನ್ ಪರೀಕ್ಷೆ. ಕಬ್ಬಿಣವನ್ನು ಕೂಡಿಡುವ ಪ್ರೋಟೀನಿಗೆ ಫೆರಿಟಿನ್ ಎಂದು ಹೆಸರು, ಮತ್ತು ಕೊರತೆಯಾದಾಗ ಮೊದಲು ಇಳಿಯುವುದು ಅದೇ. ಹಿಮೋಗ್ಲೋಬಿನ್ ಇಳಿಯುವ ವೇಳೆಗೆ ಕಣಜ ಬರಿದಾಗಿ ಬಹಳ ಕಾಲವಾಗಿರುತ್ತದೆ.

ಫೆರಿಟಿನ್ ಮಾಡಿಸಿದರೂ ಎರಡನೆಯ ತೊಡಕೊಂದು ಉಳಿಯುತ್ತದೆ. ಅನೇಕ ಪ್ರಯೋಗಾಲಯಗಳ ವರದಿಯಲ್ಲಿ ಮಹಿಳೆಯರ ಕೆಳಮಿತಿಯನ್ನು ಒಂದು ಮಿಲಿಲೀಟರ್ ರಕ್ತಸಾರಕ್ಕೆ 10ರಿಂದ 15 ನ್ಯಾನೊಗ್ರಾಂ ಎಂದು ಮುದ್ರಿಸಿರುತ್ತಾರಾದ್ದರಿಂದ 18 ಬಂದವರ ವರದಿಯೂ ಸಹಜವೆಂದೇ ಕಾಣುತ್ತದೆ. ಕಾಲಿನ ಚಡಪಡಿಕೆಯಿರುವವರಿಗೆ ಈ ಮಿತಿ ಅನ್ವಯಿಸದು: ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ಕಬ್ಬಿಣವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನ ಭರ್ತಿ ಶೇಕಡ 20ಕ್ಕಿಂತ ಕೆಳಗಿದ್ದರೆ, ವಯಸ್ಕರಿಗೆ ಕಬ್ಬಿಣ ಕೊಡಬೇಕೆಂಬುದು ನಿದ್ರಾತಜ್ಞರ ಇಂದಿನ ಮಾರ್ಗಸೂಚಿ. ಜ್ವರ, ಸೋಂಕು, ಉರಿಯೂತ ಅಥವಾ ಯಕೃತ್ತಿನ ತೊಂದರೆ ಇದ್ದಾಗ ಫೆರಿಟಿನ್ ತಾನಾಗಿ ಏರಿ ಬರಿದಾದ ಕಣಜವನ್ನೂ ತುಂಬಿದಂತೆ ತೋರಿಸುವುದರಿಂದ ಎರಡನ್ನೂ ಒಟ್ಟಿಗೆ ನೋಡುವುದು ಕ್ಷೇಮ. ರಕ್ತವನ್ನು ಬೆಳಿಗ್ಗೆ ಕೊಡಬೇಕು, ಹಿಂದಿನ ದಿನ ಕಬ್ಬಿಣದ ಮಾತ್ರೆ ತೆಗೆದುಕೊಂಡಿರಬಾರದು.

ಲೆಕ್ಕವನ್ನು ಸ್ಪಷ್ಟಪಡಿಸಲು ಒಂದು ಮಾದರಿಯನ್ನು ಕಲ್ಪಿಸಿಕೊಳ್ಳಬಹುದು. ಮುಟ್ಟಿನ ಸ್ರಾವ ಹೆಚ್ಚಿರುವ, ಮೂವತ್ತೈದರ ಆಸುಪಾಸಿನ ಮಹಿಳೆಯೊಬ್ಬರಿಗೆ ವಾರದಲ್ಲಿ ನಾಲ್ಕೈದು ರಾತ್ರಿ ಕಾಲಿನ ಚಡಪಡಿಕೆಯಿದ್ದು, ಹಿಮೋಗ್ಲೋಬಿನ್ 12.3, ಫೆರಿಟಿನ್ 18 ಬಂದಿದೆ ಎಂದಿಟ್ಟುಕೊಳ್ಳೋಣ. ಫೆರಿಟಿನ್‌ನ ಒಂದೊಂದು ಅಂಕವೂ ದೇಹದಲ್ಲಿ ಕೂಡಿಟ್ಟ ಸುಮಾರು 8 ಮಿಲಿಗ್ರಾಂ ಕಬ್ಬಿಣಕ್ಕೆ ಸಮವಾದುದರಿಂದ, 18ರಿಂದ 75ಕ್ಕೆ ಏರಲು ಅವರಿಗೆ ಬೇಕಾದುದು ಹತ್ತಿರ ಹತ್ತಿರ 450 ಮಿಲಿಗ್ರಾಂ. 60 ಮಿಲಿಗ್ರಾಂ ಕಬ್ಬಿಣವುಳ್ಳ ಮಾತ್ರೆಯಿಂದ, ಅಂದರೆ ಸರ್ಕಾರ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲ ಸಹಿತವಾದ ಮಾತ್ರೆಯಷ್ಟರಿಂದ, ಕರುಳು ಹೀರಿಕೊಳ್ಳುವುದು 10 ಮಿಲಿಗ್ರಾಂ ಎಂದು ಹಿಡಿದರೆ ದಿನ ಬಿಟ್ಟು ದಿನದಂತೆ ತಿಂಗಳಿಗೆ 15 ಮಾತ್ರೆಗಳಿಂದ 150 ಮಿಲಿಗ್ರಾಂ ಸೇರುತ್ತದೆ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ಆದ್ದರಿಂದ 80 ಮಿಲಿಲೀಟರ್ ಸ್ರಾವದಿಂದ ತಿಂಗಳಿಗೆ 40 ಮಿಲಿಗ್ರಾಂ ಕಳೆದು ಉಳಿಯುವುದು 110. ಅಂದರೆ ಕಣಜ ತುಂಬಲು ನಾಲ್ಕು ತಿಂಗಳಿಗೂ ಹೆಚ್ಚು ಬೇಕು, ಮತ್ತು ಸಂಗ್ರಹ ಏರಿದಂತೆಲ್ಲ ಕರುಳು ಹೀರುವುದನ್ನು ತಗ್ಗಿಸುವುದರಿಂದ ವಾಸ್ತವದಲ್ಲಿ ಅದು ಇನ್ನೂ ನಿಧಾನ. ಒಂದು ತಿಂಗಳು ಮಾತ್ರೆ ನುಂಗಿ ಪ್ರಯೋಜನವಾಗಲಿಲ್ಲವೆಂದು ಬಿಟ್ಟವರು ಚಿಕಿತ್ಸೆಯನ್ನು ಕಾಲುಭಾಗದಲ್ಲೇ ಕೈಬಿಟ್ಟಂತಾಗುತ್ತದೆ.

ದಿನ ಬಿಟ್ಟು ದಿನ ಎಂಬುದಕ್ಕೂ ಕಾರಣವಿದೆ. ಒಂದು ಮಾತ್ರೆ ಹೊಟ್ಟೆಗೆ ಹೋದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಮುಂದಿನ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆಮುಚ್ಚುವುದರಿಂದ, ದಿನಕ್ಕೆ ಎರಡು ಬಾರಿ ನುಂಗಿದರೆ ಹೊಟ್ಟೆನೋವು ಮತ್ತು ಮಲಬದ್ಧತೆ ಹೆಚ್ಚುತ್ತವೆಯೇ ಹೊರತು ಲಾಭ ಅದೇ ಪ್ರಮಾಣದಲ್ಲಿ ಹೆಚ್ಚದು. ಕಾಫಿ, ಚಹಾ, ಹಾಲುಗಳ ಜೊತೆ ಮಾತ್ರೆ ನುಂಗಿದರೆ ಹೀರಿಕೆ ತೀರಾ ಕುಸಿಯುತ್ತದೆ. ನಿಂಬೆಹಣ್ಣಿನ ನೀರಿನೊಂದಿಗೆ, ಆಹಾರ ಮತ್ತು ಕಾಫಿಗಳಿಂದ ಒಂದೆರಡು ಗಂಟೆ ದೂರವಿಟ್ಟು ತೆಗೆದುಕೊಂಡರೆ ಸುಧಾರಿಸುತ್ತದೆ. ಮಲ ಕಪ್ಪಾಗುವುದು ನಿರೀಕ್ಷಿತವೇ. ರಾಗಿ ಮತ್ತು ಸೊಪ್ಪುಗಳಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲಿನ ಫೈಟೇಟ್ ಮುಂತಾದ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ, 18ರ ಮಟ್ಟಕ್ಕೆ ಇಳಿದ ಕಣಜವನ್ನು ಆಹಾರವೊಂದರಿಂದಲೇ ತುಂಬಬಹುದೆಂಬ ನಂಬಿಕೆ ಸಾಧುವಲ್ಲ.

ಮೂರು ತಿಂಗಳ ಬಳಿಕ ಫೆರಿಟಿನ್ ಮತ್ತೆ ಪರೀಕ್ಷಿಸಿ, ಅದು ಏರದಿದ್ದರೆ, ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ ಅಥವಾ ಮೊದಲೇ 75ರಿಂದ 100ರ ನಡುವೆ ಇದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವುದು ಮುಂದಿನ ಹೆಜ್ಜೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಔಷಧದ 1000 ಮಿಲಿಗ್ರಾಂ ಪ್ರಮಾಣ ಹೆಚ್ಚು ಅಧ್ಯಯನಕ್ಕೊಳಗಾಗಿದೆ. ಅಪರೂಪಕ್ಕೆ ತೀವ್ರ ಅಲರ್ಜಿಯೂ ಕೆಲವರಲ್ಲಿ ರಕ್ತದ ಫಾಸ್ಫೇಟ್ ಇಳಿಯುವುದೂ ಉಂಟಾದುದರಿಂದ ಇದು ಆಸ್ಪತ್ರೆಯ ನಿಗಾದಲ್ಲಿಯೇ ನಡೆಯಬೇಕು, ಫಲ ಕಾಣಲು ಆರು ವಾರಗಳೂ ಬೇಕಾಗಬಹುದು. ದೇಹದಲ್ಲಿ ಕಬ್ಬಿಣ ಮಿತಿಮೀರಿ ಶೇಖರವಾಗುವ ಆನುವಂಶಿಕ ಕಾಯಿಲೆಯುಳ್ಳವರಿಗೆ ಇದೇ ಕಬ್ಬಿಣ ಹಾನಿಕರವಾದುದರಿಂದ ಪರೀಕ್ಷೆಯಿಲ್ಲದೆ ಮಾತ್ರೆ ಆರಂಭಿಸುವುದು ಸರಿಯಲ್ಲ.

ಕಬ್ಬಿಣ ತುಂಬಿದ ಮೇಲೂ ಎಲ್ಲರಿಗೂ ಗುಣವಾಗದು, ಏಕೆಂದರೆ ಈ ಕಾಯಿಲೆಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಮತ್ತು ಮೂತ್ರಪಿಂಡ ವೈಫಲ್ಯದಂತಹ ಕಾರಣಗಳೂ ಇವೆ. ಶೀತಕ್ಕೆ ಕೊಳ್ಳುವ, ನಿದ್ದೆ ತರಿಸುವ ಅಲರ್ಜಿ ಮಾತ್ರೆಗಳು, ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಖಿನ್ನತೆಯ ಹಲವು ಔಷಧಗಳು ಚಡಪಡಿಕೆಯನ್ನು ಉಲ್ಬಣಿಸುತ್ತವೆ. ನಿದ್ದೆ ಬರಲೆಂದು ಅಲರ್ಜಿ ಮಾತ್ರೆ ನುಂಗಿ ಕಾಲು ಇನ್ನಷ್ಟು ಕಾಡಿದುದಕ್ಕೆ ಕಾರಣ ಗೊತ್ತಾಗದೆ ಕಂಗಾಲಾಗುವವರಿಗೆ ಈ ವಿಷಯ ತಿಳಿದಿರಲೇಬೇಕು. ಡೋಪಮಿನ್‌ನಂತೆ ವರ್ತಿಸುವ ಪ್ರಾಮಿಪೆಕ್ಸೋಲ್ ಮೊದಲ ತಿಂಗಳುಗಳಲ್ಲಿ ಅದ್ಭುತವಾಗಿ ಕೆಲಸ ಮಾಡಿದರೂ ವರ್ಷಗಳು ಕಳೆದಂತೆ ಲಕ್ಷಣಗಳು ಮಧ್ಯಾಹ್ನಕ್ಕೇ ಆರಂಭವಾಗಿ ಕೈಗಳಿಗೂ ಹರಡುವ ಸ್ಥಿತಿಯನ್ನು ತರಬಹುದಾದ್ದರಿಂದ, ಈಗ ತಜ್ಞರು ಸಾಮಾನ್ಯವಾಗಿ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ವರ್ಗದ ಔಷಧಗಳನ್ನು ಮುಂದಿಡುತ್ತಾರೆ.

ಕಣಜ ತುಂಬುವಷ್ಟೇ ಮುಖ್ಯವಾದುದು ಅದು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು. ಮುಟ್ಟಿನ ಸ್ರಾವ, ಮೂಲವ್ಯಾಧಿ, ಪದೇ ಪದೇ ರಕ್ತದಾನ, ಇವು ಕೇಳಿದರೆ ತಿಳಿಯುವ ಕಾರಣಗಳು. ಆದರೆ ಐವತ್ತು ದಾಟಿದ ಪುರುಷರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಫೆರಿಟಿನ್ ತಳ ಮುಟ್ಟಿದ್ದರೆ ಜಠರ ಅಥವಾ ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುತ್ತಿರಬಹುದು, ಅಲ್ಲಿ ಹುಣ್ಣೋ ಗಡ್ಡೆಯೋ ಇರಬಹುದು. ಅಂತಹವರಿಗೆ ಕಬ್ಬಿಣದ ಮಾತ್ರೆಯ ಚೀಟಿಯ ಜೊತೆಗೇ ಎಂಡೊಸ್ಕೋಪಿ ಮತ್ತು ಕೊಲೊನೋಸ್ಕೋಪಿಗೂ ಚೀಟಿ ಬರೆಯಬೇಕಾಗುತ್ತದೆ.