ರೋರಿಂಗ್ ಬಿಟ್‌ಮ್ಯಾಪ್: 4096ರ ಗಡಿ

ಬಿಟ್‌ಮ್ಯಾಪ್ ಇಂಡೆಕ್ಸ್ ಕಾಲಮ್‌ನ ಪ್ರತಿ ಮೌಲ್ಯಕ್ಕೂ ಒಂದು ಬಿಟ್ ಸರಣಿ ಇಡುತ್ತದೆ. ಒಂದು ಕೋಟಿ ಆರ್ಡರ್‌ಗಳ ಟೇಬಲ್‌ನಲ್ಲಿ ‘ಸ್ಥಿತಿ’ ಕಾಲಮ್‌ಗೆ ನಾಲ್ಕೇ ಮೌಲ್ಯಗಳಿದ್ದರೆ ಸರಣಿಗಳೂ ನಾಲ್ಕೇ. ‘ರದ್ದು’ ಸರಣಿಯಲ್ಲಿ ರದ್ದಾದ ಆರ್ಡರ್ ಇರುವ ಕಡೆ 1, ಉಳಿದೆಡೆ 0. ರದ್ದಾದ ನಗದು ಆರ್ಡರ್‌ಗಳು ಬೇಕೆಂದರೆ ‘ರದ್ದು’ ಸರಣಿಯನ್ನು ‘ಪಾವತಿ’ ಕಾಲಮ್‌ನ ‘ನಗದು’ ಸರಣಿಯೊಂದಿಗೆ AND ಮಾಡಿದರಾಯಿತು. 64 ಬಿಟ್‌ಗಳ ಹೋಲಿಕೆ ಒಂದೇ ಏಟಿಗೆ ಮುಗಿಯುತ್ತದೆ.

ತೊಂದರೆ ಇರುವುದು ಜಾಗದಲ್ಲಿ. ರದ್ದಾದ ಆರ್ಡರ್ ನೂರೇ ಇದ್ದರೂ ಆ ಸರಣಿಗೆ 12.5 ಲಕ್ಷ ಬೈಟ್ ಬೇಕು.

ರೋರಿಂಗ್ ಬಿಟ್‌ಮ್ಯಾಪ್ ಸಾಲುಗಳನ್ನು 65,536ರ ತುಂಡುಗಳಾಗಿ ಒಡೆಯುತ್ತದೆ. ಸೊನ್ನೆಯಿಂದ ಎಣಿಸಿದರೆ 2,00,000ನೇ ಸಾಲು 3ನೇ ತುಂಡಿನ 3392ನೇ ಸ್ಥಾನಕ್ಕೆ ಬೀಳುತ್ತದೆ. ತುಂಡಿನೊಳಗಿನ ಸ್ಥಾನ ಬರೆಯಲು ಎರಡೇ ಬೈಟ್ ಸಾಕು. ಖಾಲಿ ತುಂಡನ್ನು ಇಡುವುದೇ ಇಲ್ಲ.

ಇದರ ಸೊಗಸು ಮುಂದಿನ ಲೆಕ್ಕದಲ್ಲಿದೆ. ಒಂದು ತುಂಡಿನ ಪೂರ್ಣ ಬಿಟ್ ಸರಣಿಗೆ 8192 ಬೈಟ್. ಎರಡು ಬೈಟ್‌ನಂತೆ 4096 ಸ್ಥಾನಗಳ ಪಟ್ಟಿಗೂ ಅಷ್ಟೇ. ಹಾಗಾಗಿ 4096ರವರೆಗೆ ಪಟ್ಟಿ, ಅದನ್ನು ಮೀರಿದರೆ ಬಿಟ್ ಸರಣಿ. ಸಾಲುಗಳು ಒತ್ತೊತ್ತಾಗಿ ಬಂದರೆ ಆರಂಭ ಮತ್ತು ಉದ್ದ ಮಾತ್ರ ಸಾಕು. ಟೇಬಲನ್ನು ಸ್ಥಿತಿಯ ಪ್ರಕಾರ ವಿಂಗಡಿಸಿ ಇಟ್ಟರೆ ಇಂಡೆಕ್ಸ್ ಗಣನೀಯವಾಗಿ ಕುಗ್ಗುವುದು ಇದರಿಂದಲೇ.

ಅಪಾಚೆ ಡ್ರೂಯಿಡ್, ಪಿನೋಗಳಲ್ಲಿ ಈ ವಿಧಾನವಿದೆ. ಗ್ರಾಹಕ ಸಂಖ್ಯೆಯಂಥ ಕಾಲಮ್‌ಗೆ ಮಾತ್ರ ಇದು ಒಗ್ಗದು. ಅಲ್ಲಿ ಲಕ್ಷಾಂತರ ಪುಟ್ಟ ಬಿಟ್‌ಮ್ಯಾಪ್‌ಗಳು ಹುಟ್ಟಿ, ಅವುಗಳ ತಲೆಬರಹಗಳೇ ಜಾಗ ತಿನ್ನುತ್ತವೆ. ಇಂಡೆಕ್ಸ್ ಮೂಲ ಕಾಲಮ್‌ಗಿಂತ ದೊಡ್ಡದಾಗಿದ್ದರೆ ಅದೇ ಸುಳಿವು.