ಜಾಹೀರಾತಿನ ಕೆಳಗೆ ಬಂದ ದೂರು: ಅಳಿಸುವ ಮುನ್ನ ಬಿಲ್ ಹುಡುಕಿ

ಹೋಟೆಲ್ ಮಿತ್ರರೇ, ಹಿಂದೆ ಗಿರಾಕಿಗೆ ಸಿಟ್ಟು ಬಂದರೆ ನೇರ ಗಲ್ಲೆಯ ಹತ್ತಿರ ಬಂದು ಹೇಳುತ್ತಿದ್ದರು. ಈಗ ಮನೆಗೆ ಹೋಗಿ, ನಾವು ದುಡ್ಡು ಕೊಟ್ಟು ಹಾಕಿಸಿದ ಫೇಸ್‌ಬುಕ್ ಜಾಹೀರಾತಿನ ಅಡಿಯಲ್ಲೇ ಬರೆಯುತ್ತಾರೆ. ಮುಲುಂಡಿನ ನಮ್ಮ ಮಿತ್ರರೊಬ್ಬರಿಗೆ ಹೀಗಾಯಿತು. ಚೌತಿಯ ವಾರ ಅವರು 'ಭಾನುವಾರದ ವಿಶೇಷ ಊಟ, 280 ರೂಪಾಯಿ' ಎಂದು ಬಾಳೆಲೆಯ ಚಿತ್ರ ಹಾಕಿದ್ದರು. ಅಂದು ಸಂಜೆ ಮಹಿಳೆಯೊಬ್ಬರು ಮರಾಠಿಯಲ್ಲಿ ಬರೆದರು: 'ಚಿತ್ರದಲ್ಲಿ ಪಾಯಸ, ಎಲೆಯಲ್ಲಿ ಶಿರಾ. ಕೇಳಿದರೆ ಉತ್ತರವಿಲ್ಲ. ಮೇಲಿಂದ ನಾಲ್ಕು ಜನರಿಗೆ 56 ರೂಪಾಯಿ ಸರ್ವಿಸ್ ಚಾರ್ಜ್. ಶುದ್ಧ ಮೋಸ.'

ಮಗ ಅದನ್ನು ಅಳಿಸಲು ಹೊರಟಿದ್ದ. ಮಿತ್ರರು ತಡೆದರು. ಅಳಿಸಿದ್ದು ಬರೆದವರಿಗೆ ತಿಳಿಯದೆ ಇರುವುದಿಲ್ಲ. ಆಗ ಅವರು ಅದನ್ನೇ ತಮ್ಮ ಪುಟದಲ್ಲೋ ಗೂಗಲ್ ರಿವ್ಯೂನಲ್ಲೋ ಬರೆಯುತ್ತಾರೆ. ಗೂಗಲ್ ರಿವ್ಯೂ ಅಳಿಸುವ ಅಧಿಕಾರ ನಮಗಿಲ್ಲ. ಅಲ್ಲಿ ಪಾಯಸದ ದೂರಿನ ಜತೆಗೆ 'ನನ್ನ ಮಾತನ್ನೇ ಅಳಿಸಿದರು' ಎಂಬ ಎರಡನೆಯ ದೂರೂ ಸೇರುತ್ತದೆ, ಅದಕ್ಕೆ ನಮ್ಮ ಹತ್ತಿರ ಉತ್ತರವಿರುವುದಿಲ್ಲ.

ಉತ್ತರ ಬರೆಯುವುದಕ್ಕಿಂತ ಮೊದಲು ಅವರು ಬಿಲ್ ಹುಡುಕಿದರು. ನಾಲ್ಕು ಊಟ, ತೆರಿಗೆ 56 ರೂಪಾಯಿ ಎಂದು ನೋಡಿದಾಗ ಎರಡು ಗಂಟೆ ಹತ್ತು ನಿಮಿಷದ ಬಿಲ್ ಸಿಕ್ಕಿತು. ಭಟ್ಟರನ್ನೂ ಕ್ಯಾಪ್ಟನನ್ನೂ ಬೇರೆಬೇರೆಯಾಗಿ ಕರೆದು ವಿಚಾರಿಸಿದರು. ಪಾಯಸ ಮಾಡಿದ್ದು 90 ಎಲೆಗೆ, ಊಟಕ್ಕೆ ಬಂದವರು 130. ಒಂದೂಮುಕ್ಕಾಲಿಗೇ ಪಾಯಸ ಮುಗಿದಿತ್ತು. ಭಟ್ಟರು ಶಿರಾ ಕೊಟ್ಟರು, ವೇಟರ್ ಮಾತಿಲ್ಲದೆ ಬಡಿಸಿದ. ಅಂದರೆ ಪಾಯಸದ ಮಾತು ನಿಜ. ಸರ್ವಿಸ್ ಚಾರ್ಜಿನ ಮಾತು ತಪ್ಪು. 1120 ರೂಪಾಯಿಯ ಮೇಲೆ ಶೇ. 5ರ ಜಿಎಸ್‌ಟಿಯೇ ಆ 56.

ಅಷ್ಟರಲ್ಲಿ ಮಗ ಉತ್ತರ ಬರೆದಿಟ್ಟಿದ್ದ: 'ಮೂವತ್ತು ವರ್ಷದಲ್ಲಿ ನಮಗೆ ಯಾರೂ ಹೀಗೆ ಹೇಳಿಲ್ಲ. ಅದು ಜಿಎಸ್‌ಟಿ. ಬಿಲ್ ಸರಿಯಾಗಿ ಓದಿ.' ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ನಮ್ಮ ತಪ್ಪನ್ನು ಬಿಟ್ಟು ಅವರ ತಪ್ಪನ್ನಷ್ಟೇ ಹಿಡಿದಿದೆ. ಮಿತ್ರರು ರಾತ್ರಿ ಹೋಟೆಲು ಮುಚ್ಚಿದ ಮೇಲೆ ಮರಾಠಿಯಲ್ಲೇ, ಹೋಟೆಲಿನ ಹೆಸರಿನಿಂದ ಹೀಗೆ ಹಾಕಿದರು:

'ನಮಸ್ಕಾರ. ಭಾನುವಾರ ಒಂದೂಮುಕ್ಕಾಲಿಗೆ ಪಾಯಸ ಮುಗಿದು ಶಿರಾ ಬಡಿಸಿದ್ದು ನಿಜ. ನೀವು ಕೂರುವ ಮೊದಲೇ ನಾವು ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. ಬಿಲ್ಲಿನಲ್ಲಿರುವ 56 ರೂಪಾಯಿ ಜಿಎಸ್‌ಟಿ (ಸಿಜಿಎಸ್‌ಟಿ 28, ಎಸ್‌ಜಿಎಸ್‌ಟಿ 28). ನಾವು ಸರ್ವಿಸ್ ಚಾರ್ಜ್ ಹಾಕುವುದಿಲ್ಲ. ಇನ್ನು ಮುಂದೆ ಯಾವುದಾದರೂ ಪದಾರ್ಥ ಮುಗಿದರೆ ಬಾಗಿಲಿನ ಬೋರ್ಡಿನಲ್ಲಿ ಬರೆಯುತ್ತೇವೆ. ನಿಮಗೆ ಮೆಸೇಜ್ ಕಳಿಸಿದ್ದೇನೆ. - ಮಾಲಕರು.'

ಇಲ್ಲಿ ಕ್ರಮವನ್ನು ಗಮನಿಸಿ. ಒಪ್ಪಿಗೆ ಮೊದಲು, ತಿದ್ದುಪಡಿ ಆಮೇಲೆ. ಜಿಎಸ್‌ಟಿಯ ಮಾತು ಮೊದಲು ಬಂದಿದ್ದರೆ ಕ್ಷಮೆ ನೆಪದಂತೆ ಕಾಣುತ್ತಿತ್ತು. 'ಮೋಸ' ಎಂಬ ಶಬ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ. ನನ್ನ ಮಟ್ಟಿಗೆ ಅದೇ ಜಾಣತನ. ವೇಟರನ ಹೆಸರನ್ನೂ ಎಳೆದು ತರಲಿಲ್ಲ.

ಒಂದು ವೇಳೆ ಅದು ನಿಜಕ್ಕೂ ಸರ್ವಿಸ್ ಚಾರ್ಜೇ ಆಗಿದ್ದರೆ? ಆಗ ವಾದ ಬೇಡ, ಹಣ ಹಿಂತಿರುಗಿಸಿ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲಿನವರು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. 2025ರ ಮಾರ್ಚಿಯಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಪರಿಹಾರವೇನಾದರೂ ಕೊಡುವುದಿದ್ದರೆ ಮೆಸೇಜಿನಲ್ಲಿ ಹೇಳುವುದು ಒಳ್ಳೆಯದು. 'ಬನ್ನಿ, ಊಟ ಉಚಿತ' ಎಂದು ಎಲ್ಲರೆದುರು ಬರೆದರೆ ನಾಳೆ ಇನ್ನೂ ನಾಲ್ಕು ಜನರಿಗೆ ಪಾಯಸ ಸಿಕ್ಕಿರುವುದಿಲ್ಲ! ದೂರು ತೆಗೆದರೆ ಮಾತ್ರ ಕೊಡುತ್ತೇವೆ ಎಂಬ ಷರತ್ತನ್ನಂತೂ ಹಾಕಬೇಡಿ, ಆ ಮೆಸೇಜಿನ ಚಿತ್ರವೇ ಮರುದಿನ ಊರೆಲ್ಲ ಸುತ್ತುತ್ತದೆ. ಗಿರಾಕಿಯ ಫೋನ್ ನಂಬರನ್ನೂ ಬಹಿರಂಗವಾಗಿ ಕೇಳಬಾರದು.

ಆ ಮಹಿಳೆ ಮತ್ತೊಮ್ಮೆ ಬರೆದರು: 'ಕ್ಷಮೆ ಸರಿ, ಆದರೆ ಮಕ್ಕಳಿಗೆ ಬೇಸರವಾಯಿತು.' ಮಿತ್ರರು 'ಅರ್ಥವಾಗುತ್ತದೆ, ಮಕ್ಕಳನ್ನು ಮತ್ತೆ ಕರೆದುಕೊಂಡು ಬನ್ನಿ' ಎಂದಷ್ಟೇ ಬರೆದು ನಿಲ್ಲಿಸಿದರು. ಎರಡು ಸಲಕ್ಕಿಂತ ಹೆಚ್ಚಾದರೆ ಅದು ಜಗಳವಾಗುತ್ತದೆ.

ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದೇನೂ ಇಲ್ಲ. ಜಾತಿ, ಭಾಷೆ ಹಿಡಿದು ಬೈದದ್ದು, ಕೆಲಸದವರ ಫೋನ್ ನಂಬರು ಹಾಕಿದ್ದು ಇದ್ದರೆ ಚಿತ್ರ ತೆಗೆದಿಟ್ಟುಕೊಂಡು ಅಳಿಸಿ. ಅಂಥದ್ದಕ್ಕೆ ಫೇಸ್‌ಬುಕ್ಕಿನ Hide comment ಸಾಲದು, ಬರೆದವರಿಗೂ ಅವರ ಸ್ನೇಹಿತರಿಗೂ ಅದು ಕಾಣುತ್ತಲೇ ಇರುತ್ತದೆ. ಊಟಕ್ಕೆ ಬಂದೇ ಇಲ್ಲ ಎಂಬ ಅನುಮಾನವಿದ್ದರೆ ಮಾತ್ರ ಅಳಿಸಬೇಡಿ; 'ಬಿಲ್ಲಿನ ದಿನಾಂಕ, ಹೊತ್ತು ತಿಳಿಸಿದರೆ ವಿಚಾರಿಸುತ್ತೇವೆ' ಎಂದು ಬರೆಯಿರಿ. ಬಿಲ್ ಇದ್ದವರು ಮೆಸೇಜಿನಲ್ಲಿ ಕಳಿಸುತ್ತಾರೆ, ಇಲ್ಲದವರು ಸಾಮಾನ್ಯವಾಗಿ ಮತ್ತೆ ಬರೆಯುವುದಿಲ್ಲ.